ಯುಪಿಐ ಪಾವತಿ ವಿಫಲ, ಖಾತೆಯಿಂದ ಹಣ ಕಡಿತ: ಮೊತ್ತ ಎಲ್ಲಿರುತ್ತದೆ, ಎಷ್ಟು ದಿನದಲ್ಲಿ ಮರಳುತ್ತದೆ?

ಬಳ್ಳಾರಿ ನಗರದ ಸಿದ್ಧ ಉಡುಪು ತಯಾರಕರಿಂದ ಹಿಡಿದು ಸಿರುಗುಪ್ಪದ ಭತ್ತದ ವ್ಯಾಪಾರಿಗಳು, ಕುರುಗೋಡಿನ ಬೀಜ-ಗೊಬ್ಬರದ ಅಂಗಡಿಯವರು, ಸಂಗನಕಲ್ಲಿನ ಕಿರಾಣಿ ಹಾಗೂ ಹಾರ್ಡ್‌ವೇರ್ ವರ್ತಕರವರೆಗೆ ಎಲ್ಲರ ಗಲ್ಲೆಯ ಪಕ್ಕದಲ್ಲಿಯೂ ಇಂದು ಕ್ಯೂಆರ್ ಫಲಕವಿದೆ. ಈ ವರ್ತಕರೆಲ್ಲರಿಗೂ ಒಮ್ಮೆಯಾದರೂ ಎದುರಾಗಿರುವ ಸಂದರ್ಭವೊಂದುಂಟು. ಗಿರಾಕಿಯ ಮೊಬೈಲಿಗೆ ಖಾತೆಯಿಂದ ಹಣ ಕಡಿತವಾದ ಸಂದೇಶ ಬರುತ್ತದೆ. ಅಂಗಡಿಯ ಧ್ವನಿಪೆಟ್ಟಿಗೆ ಮಾತ್ರ ಮೌನವಾಗಿರುತ್ತದೆ. ಗಿರಾಕಿ 'ನನ್ನ ರೊಕ್ಕ ಹೋಗೇತ್ರಿ' ಎನ್ನುತ್ತಾನೆ. ವರ್ತಕ 'ನನಗೆ ಬಂದಿಲ್ಲ' ಎನ್ನುತ್ತಾನೆ. ಇಬ್ಬರೂ ಹೇಳುವುದು ನಿಜವೇ. ಆ ಹೊತ್ತಿನಲ್ಲಿ ಹಣವು ಇವರಿಬ್ಬರ ಬಳಿಯೂ ಇರುವುದಿಲ್ಲ. ಯಾವುದೋ ಒಂದು ಬ್ಯಾಂಕಿನ ಲೆಕ್ಕದಲ್ಲಿ ತಂಗಿರುತ್ತದೆ. ಅದು ಯಾವ ಬ್ಯಾಂಕು ಎಂಬುದನ್ನು ಅರಿತರೆ, ಹಣವು ಎಂದು ಮತ್ತು ಯಾರಿಂದ ಮರಳಬೇಕೆಂಬುದೂ ತಿಳಿಯುತ್ತದೆ. ಪ್ರಸ್ತುತ ಲೇಖನದ ವಿಷಯ ಇದೇ ಆಗಿದೆ.

ಪಾವತಿಯ ಮಾರ್ಗ

ಯುಪಿಐ ವ್ಯವಸ್ಥೆಯನ್ನು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು, ಅಂದರೆ ಎನ್‌ಪಿಸಿಐ, 2016ರ ಏಪ್ರಿಲ್ 11ರಂದು ಆರಂಭಿಸಿತು. ಗಿರಾಕಿಯು ಪಿನ್ ಒತ್ತಿದೊಡನೆ ಹಣ ನೇರವಾಗಿ ಅಂಗಡಿಗೆ ಹಾರಿಹೋಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹಾರುವುದು ಹಣವಲ್ಲ, ಸಂದೇಶಗಳು. ಗಿರಾಕಿಯ ಆ್ಯಪ್‌ನಿಂದ ಹೊರಟ ಕೋರಿಕೆ ಎನ್‌ಪಿಸಿಐನ ಕೇಂದ್ರ ಯಂತ್ರಕ್ಕೆ ತಲುಪುತ್ತದೆ. ಆ ಯಂತ್ರವು ಮೊದಲು ಗಿರಾಕಿಯ ಬ್ಯಾಂಕಿಗೆ 'ಇಷ್ಟು ಮೊತ್ತವನ್ನು ಖರ್ಚು ಹಾಕಿರಿ' ಎಂದು ಕೇಳುತ್ತದೆ. 'ಹಾಕಲಾಯಿತು' ಎಂಬ ಉತ್ತರ ಬಂದ ನಂತರವೇ ವರ್ತಕನ ಬ್ಯಾಂಕಿಗೆ 'ಇಷ್ಟು ಮೊತ್ತವನ್ನು ಜಮೆ ಮಾಡಿರಿ' ಎಂದು ಹೇಳುತ್ತದೆ. ಅಲ್ಲಿಂದಲೂ 'ಜಮೆಯಾಯಿತು' ಎಂಬ ಉತ್ತರ ಬಂದಾಗ ಎರಡೂ ಕಡೆಯ ಆ್ಯಪ್‌ಗಳಿಗೆ ಪಾವತಿ ಸಫಲವಾಯಿತೆಂಬ ಸೂಚನೆ ಹೋಗುತ್ತದೆ.

ಬ್ಯಾಂಕುಗಳ ನಡುವಿನ ನಿಜವಾದ ಹಣದ ಚುಕ್ತಾ ಇದಾದ ಮೇಲೆ ನಡೆಯುತ್ತದೆ. ದಿನವೊಂದರಲ್ಲಿ ಹಲವು ಸುತ್ತುಗಳಲ್ಲಿ, ಯಾವ ಬ್ಯಾಂಕು ಒಟ್ಟಾರೆ ಎಷ್ಟು ಕೊಡಬೇಕು, ಯಾವುದಕ್ಕೆ ಎಷ್ಟು ಬರಬೇಕು ಎಂಬ ನಿವ್ವಳ ಲೆಕ್ಕವನ್ನು ಎನ್‌ಪಿಸಿಐ ಸಿದ್ಧಪಡಿಸುತ್ತದೆ. ಆ ಮೊತ್ತವು ರಿಸರ್ವ್ ಬ್ಯಾಂಕಿನಲ್ಲಿರುವ ಆಯಾ ಬ್ಯಾಂಕುಗಳ ಖಾತೆಗಳಲ್ಲಿ ವರ್ಗಾವಣೆಯಾಗುತ್ತದೆ. ಹೀಗೆ ಸಂದೇಶ ಮೊದಲು, ಹಣ ಆಮೇಲೆ ಎಂಬುದೇ ಈ ವ್ಯವಸ್ಥೆಯ ಮೂಲ ಲಕ್ಷಣವಾಗಿದೆ. ಸಂದೇಶವು ಮಧ್ಯದಲ್ಲಿ ತುಂಡಾದಾಗ ಉಂಟಾಗುವ ಸ್ಥಿತಿಯನ್ನೇ 'ಹಣ ಕಡಿತ, ಪಾವತಿ ವಿಫಲ' ಎಂದು ಜನರು ಕರೆಯುತ್ತಾರೆ.

ಪ್ರತಿ ಉತ್ತರಕ್ಕೂ ಕಾಯುವ ಅವಧಿ ನಿಗದಿಯಾಗಿದೆ. ಪಾವತಿ ಕೋರಿಕೆಗೆ ಉತ್ತರ ಬರಲು ಮೊದಲು 30 ಸೆಕೆಂಡು ಕಾಯಲಾಗುತ್ತಿತ್ತು. 2025ರ ಜೂನ್ 16ರಿಂದ ಎನ್‌ಪಿಸಿಐ ಅದನ್ನು 15 ಸೆಕೆಂಡಿಗೆ ಇಳಿಸಿದೆ. ಈ ಅವಧಿಯೊಳಗೆ ಉತ್ತರ ಬಾರದಿದ್ದರೆ ಕೇಂದ್ರ ಯಂತ್ರವು ಮುಂದಿನ ಕ್ರಮಕ್ಕೆ ಹೋಗುತ್ತದೆ. ಆ ಕ್ರಮ ಯಾವುದೆಂಬುದು ಸಂದೇಶ ಎಲ್ಲಿ ತುಂಡಾಯಿತು ಎಂಬುದನ್ನು ಅವಲಂಬಿಸಿದೆ.

ಹಣ ತಂಗುವ ಮೂರು ಸ್ಥಾನಗಳು

ಮೊದಲನೆಯದು, ಗಿರಾಕಿಯ ಸ್ವಂತ ಬ್ಯಾಂಕು. ಆ ಬ್ಯಾಂಕು ಖಾತೆಯಿಂದ ಮೊತ್ತವನ್ನು ಕಡಿತಗೊಳಿಸಿದೆ, ಆದರೆ 'ಹಾಕಲಾಯಿತು' ಎಂಬ ಉತ್ತರ ಸಕಾಲದಲ್ಲಿ ಕೇಂದ್ರಕ್ಕೆ ತಲುಪಿಲ್ಲ. ಕೇಂದ್ರವು ವ್ಯವಹಾರವನ್ನು ವಿಫಲವೆಂದು ಮುಚ್ಚಿ, ಕಡಿತವನ್ನು ರದ್ದುಪಡಿಸುವಂತೆ ಅದೇ ಬ್ಯಾಂಕಿಗೆ ಸೂಚನೆ ಕಳುಹಿಸುತ್ತದೆ. ವರ್ತಕನ ಬ್ಯಾಂಕು 'ಈ ಖಾತೆ ಸ್ಥಗಿತವಾಗಿದೆ' ಎಂಬಂತಹ ಕಾರಣ ನೀಡಿ ಜಮೆಯನ್ನು ಸ್ಪಷ್ಟವಾಗಿ ನಿರಾಕರಿಸಿದಾಗಲೂ ಇದೇ ಸೂಚನೆ ಹೋಗುತ್ತದೆ. ಸೂಚನೆ ಸರಿಯಾಗಿ ತಲುಪಿದರೆ ಕೆಲವೇ ಕ್ಷಣಗಳಲ್ಲಿ ಹಣ ಖಾತೆಗೆ ವಾಪಸಾಗುತ್ತದೆ. ಕಡಿತ ಮತ್ತು ಜಮೆಯ ಸಂದೇಶಗಳೆರಡೂ ಒಂದರ ಹಿಂದೊಂದು ಬರುವುದು ಇದರಿಂದಲೇ. ರದ್ದತಿಯ ಸೂಚನೆಯೂ ದಾರಿಯಲ್ಲಿ ತಪ್ಪಿದರೆ, ಬ್ಯಾಂಕಿನ ಸಿಬ್ಬಂದಿ ಎನ್‌ಪಿಸಿಐ ಕಳುಹಿಸುವ ಕಡತವನ್ನು ತಮ್ಮ ಲೆಕ್ಕದೊಂದಿಗೆ ತಾಳೆ ಹಾಕಿ ಹಣವನ್ನು ಮರಳಿಸಬೇಕಾಗುತ್ತದೆ. ಈ ಅವಧಿಯುದ್ದಕ್ಕೂ ಹಣ ಗಿರಾಕಿಯ ಬ್ಯಾಂಕನ್ನು ಬಿಟ್ಟು ಹೊರಗೆ ಹೋಗಿರುವುದಿಲ್ಲ.

ಎರಡನೆಯದು, ವರ್ತಕನ ಬ್ಯಾಂಕು. ವಿಳಂಬವೂ ಗೊಂದಲವೂ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಗಿರಾಕಿಯ ಬ್ಯಾಂಕು ಸರಿಯಾಗಿ ಉತ್ತರಿಸಿದೆ. ವರ್ತಕನ ಬ್ಯಾಂಕಿಗೆ ಜಮೆಯ ಕೋರಿಕೆಯೂ ಹೋಗಿದೆ. ಆದರೆ ಅಲ್ಲಿಂದ ಹೌದು ಎಂದಾಗಲಿ ಇಲ್ಲ ಎಂದಾಗಲಿ ಉತ್ತರ ಬಂದಿಲ್ಲ. ಜಮೆ ಆಗಿರಲೂಬಹುದು, ಆಗದೆ ಇರಲೂಬಹುದು. ಕೇಂದ್ರವು ಅವಸರದಲ್ಲಿ ಕಡಿತವನ್ನು ರದ್ದುಪಡಿಸಿದರೆ, ಜಮೆಯೂ ಆಗಿದ್ದ ಪಕ್ಷದಲ್ಲಿ ಒಂದೇ ಹಣ ಇಬ್ಬರ ಖಾತೆಯಲ್ಲಿಯೂ ಕಾಣಿಸಿಕೊಳ್ಳುವ ಅಪಾಯವಿದೆ. ಆದ್ದರಿಂದ ಇಂತಹ ವ್ಯವಹಾರವನ್ನು ಸಫಲವೆಂದು ಭಾವಿಸಿ ಚುಕ್ತಾ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಬ್ಯಾಂಕಿನವರ ಭಾಷೆಯಲ್ಲಿ ಇದಕ್ಕೆ 'ಡೀಮ್ಡ್ ಅಪ್ರೂವ್ಡ್' ಎಂದು ಹೆಸರು. ಇದರ ಪರಿಣಾಮವಾಗಿ ಗಿರಾಕಿಯ ಬ್ಯಾಂಕಿನಿಂದ ವರ್ತಕನ ಬ್ಯಾಂಕಿಗೆ ಹಣ ನಿಜವಾಗಿಯೂ ಸಂದಾಯವಾಗುತ್ತದೆ. ವರ್ತಕನ ಬ್ಯಾಂಕು ತನ್ನ ಲೆಕ್ಕ ತಾಳೆ ನೋಡಿ, ಒಂದೋ ವರ್ತಕನ ಖಾತೆಗೆ ತಡವಾಗಿ ಜಮೆ ಮಾಡಬೇಕು, ಇಲ್ಲವೇ ಗಿರಾಕಿಯ ಬ್ಯಾಂಕಿಗೆ ಹಿಂದಿರುಗಿಸಬೇಕು. ಗಿರಾಕಿಯ ಆ್ಯಪ್‌ನಲ್ಲಿ ಇಂತಹ ಪಾವತಿ ಸಾಮಾನ್ಯವಾಗಿ 'ವಿಫಲ' ಎಂದು ಕಾಣದೆ 'ಬಾಕಿ ಇದೆ' ಅಥವಾ 'ಪ್ರಕ್ರಿಯೆಯಲ್ಲಿದೆ' ಎಂದು ಕಾಣುತ್ತದೆ. ಈ ಪದವ್ಯತ್ಯಾಸವನ್ನು ವರ್ತಕರು ಗಮನಿಸುವುದು ಅಗತ್ಯ.

ಮೂರನೆಯದು, ವರ್ತಕನ ಖಾತೆಯೇ. ಹಣ ಜಮೆಯಾಗಿಯೇ ಇರುತ್ತದೆ. ಧ್ವನಿಪೆಟ್ಟಿಗೆಗೆ ಅಥವಾ ವರ್ತಕನ ಆ್ಯಪ್‌ಗೆ ಸಂದೇಶ ಮಾತ್ರ ಬಂದಿರುವುದಿಲ್ಲ. ಇಲ್ಲಿ ವಿಫಲವಾದದ್ದು ಪಾವತಿಯಲ್ಲ, ಪಾವತಿಯ ಸುದ್ದಿ. ಬ್ಯಾಂಕ್ ಖಾತೆಯ ಇತ್ತೀಚಿನ ನಮೂದುಗಳನ್ನು ತೆರೆದು ನೋಡಿದರೆ ಇದು ತಕ್ಷಣ ಇತ್ಯರ್ಥವಾಗುತ್ತದೆ.

ಕಾಲಮಿತಿಯ ನಿಯಮ

ವಿಫಲ ಪಾವತಿಗಳ ಹಣ ಎಷ್ಟು ದಿನಗಳಲ್ಲಿ ಮರಳಬೇಕೆಂಬ ವಿಷಯದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಸುತ್ತೋಲೆಯೊಂದನ್ನು ಹೊರಡಿಸಿತು. ಅದು ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಗೆ ಬಂದಿತು. ಯುಪಿಐಗೆ ಸಂಬಂಧಿಸಿದಂತೆ ಅದರಲ್ಲಿ ಎರಡು ಗಡುವುಗಳಿವೆ.

ವ್ಯಕ್ತಿಯಿಂದ ವ್ಯಕ್ತಿಗೆ ಮಾಡಿದ ವರ್ಗಾವಣೆಯಲ್ಲಿ ಕಡಿತವಾಗಿ ಜಮೆಯಾಗದಿದ್ದರೆ, ಪಡೆಯುವವನ ಬ್ಯಾಂಕು ವ್ಯವಹಾರದ ಮರುದಿನದೊಳಗೆ ಹಣವನ್ನು ತಾನಾಗಿಯೇ ಹಿಂದಿರುಗಿಸಬೇಕು. ವರ್ತಕನಿಗೆ ಮಾಡಿದ ಪಾವತಿಯಲ್ಲಿ ಕಡಿತವಾಗಿ ವರ್ತಕನ ಸ್ಥಳದಲ್ಲಿ ಖಾತರಿ ಬಾರದಿದ್ದರೆ, ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಹಣ ಮರಳಬೇಕು. ಬ್ಯಾಂಕುಗಳು ಇವನ್ನು 'ಟಿ ಪ್ಲಸ್ ಒಂದು' ಮತ್ತು 'ಟಿ ಪ್ಲಸ್ ಐದು' ಎಂದು ಕರೆಯುತ್ತವೆ; ಟಿ ಎಂದರೆ ವ್ಯವಹಾರ ನಡೆದ ದಿನ. ಗಡುವು ಮೀರಿದ ಪ್ರತಿ ದಿನಕ್ಕೂ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕು.

ಈ ಸುತ್ತೋಲೆಯ ಎರಡು ಅಂಶಗಳು ಬಹಳ ಜನರ ಗಮನಕ್ಕೆ ಬಂದಿಲ್ಲ. ದಿನ ಎಂದರೆ ಕ್ಯಾಲೆಂಡರ್ ದಿನವೇ ಹೊರತು ಬ್ಯಾಂಕಿನ ಕೆಲಸದ ದಿನವಲ್ಲ. ಆದ್ದರಿಂದ ಭಾನುವಾರ, ಹಬ್ಬದ ರಜೆಗಳೂ ಎಣಿಕೆಗೆ ಬರುತ್ತವೆ. ಎರಡನೆಯದಾಗಿ, ಪರಿಹಾರವನ್ನು ಗ್ರಾಹಕನ ದೂರಿಗಾಗಿ ಕಾಯದೆ ಬ್ಯಾಂಕು ತಾನಾಗಿಯೇ ಖಾತೆಗೆ ಜಮೆ ಮಾಡತಕ್ಕದ್ದು. 100 ರೂಪಾಯಿಯ ದರ ಮೊತ್ತವನ್ನು ಅವಲಂಬಿಸಿಲ್ಲ. 200 ರೂಪಾಯಿ ಸಿಲುಕಿದರೂ 80,000 ಸಿಲುಕಿದರೂ ದಿನಕ್ಕೆ ಅಷ್ಟೇ. ಹಣ ಸಿಲುಕಿದ್ದರಿಂದ ತಪ್ಪಿದ ವ್ಯಾಪಾರಕ್ಕಾಗಲಿ ಸಾಲದ ಬಡ್ಡಿಗಾಗಲಿ ಈ ದರವು ಲೆಕ್ಕ ಕಟ್ಟುವುದಿಲ್ಲ.

ಕ್ಯೂಆರ್ ಫಲಕ ಯಾವ ಬಗೆಯದೆಂಬುದೂ ಇಲ್ಲಿ ಮುಖ್ಯವಾಗುತ್ತದೆ. ಬ್ಯಾಂಕಿನಲ್ಲಿ ವರ್ತಕನೆಂದು ನೋಂದಾಯಿಸಿ ಪಡೆದ ಫಲಕಕ್ಕೆ ಬಂದ ಹಣಕ್ಕೆ ಐದು ದಿನದ ಗಡುವು ಅನ್ವಯಿಸುತ್ತದೆ. ಸ್ವಂತ ಉಳಿತಾಯ ಖಾತೆಯ ಫಲಕವನ್ನೇ ಅಂಗಡಿಯಲ್ಲಿ ಅಂಟಿಸಿಕೊಂಡಿದ್ದರೆ ಆ ಪಾವತಿ ವ್ಯಕ್ತಿಯಿಂದ ವ್ಯಕ್ತಿಗೆ ಆದ ವರ್ಗಾವಣೆಯಾಗಿ ದಾಖಲಾಗುತ್ತದೆ. ಗಡುವು ಒಂದು ದಿನ. ಗಿರಾಕಿಗೆ 'ನಾಳೆ ಬರುತ್ತದೆ' ಎಂದು ಹೇಳುವ ಮುನ್ನ ವರ್ತಕನು ತನ್ನ ಫಲಕ ಯಾವುದೆಂದು ತಿಳಿದಿರಬೇಕು.

ಒಂದು ಉದಾಹರಣೆಯ ಲೆಕ್ಕ

2025ರ ಏಪ್ರಿಲ್ 12, ಶನಿವಾರ, ದೇಶದಾದ್ಯಂತ ಯುಪಿಐ ಪಾವತಿಗಳು ಹಲವು ಗಂಟೆಗಳ ಕಾಲ ಅಸ್ತವ್ಯಸ್ತಗೊಂಡವು. ಅದಕ್ಕೂ ಮೊದಲು ಮಾರ್ಚ್ 26 ಹಾಗೂ ಏಪ್ರಿಲ್ 2ರಂದು ಇಂತಹುದೇ ಅಡಚಣೆಗಳಾಗಿದ್ದವು. ಏಪ್ರಿಲ್ 12ರ ತೊಡಕಿಗೆ, ಕೆಲವು ಬ್ಯಾಂಕುಗಳ ಕಡೆಯಿಂದ 'ಈ ಪಾವತಿ ಏನಾಯಿತು' ಎಂದು ವಿಚಾರಿಸುವ ಸಂದೇಶಗಳು ಮಿತಿಮೀರಿ ಬಂದದ್ದು ಕಾರಣವೆಂದು ಎನ್‌ಪಿಸಿಐ ನಂತರ ಗುರುತಿಸಿತು. ಅವುಗಳಲ್ಲಿ ಹಳೆಯ ಪಾವತಿಗಳ ವಿಚಾರಣೆಯೂ ಸೇರಿತ್ತು. ಅಂದರೆ ಸಿಲುಕಿದ ಪಾವತಿಯ ಬಗೆಗಿನ ವಿಚಾರಣೆಯೇ ದಟ್ಟಣೆಯಾಗಿ ಹೊಸ ಪಾವತಿಗಳನ್ನೂ ಸಿಲುಕಿಸಿತು.

ಆ ದಿನಾಂಕವನ್ನೇ ಇಟ್ಟುಕೊಂಡು ಲೆಕ್ಕವೊಂದನ್ನು ಪರಿಶೀಲಿಸಬಹುದು. ಕುರುಗೋಡಿನ ಗಿರಾಕಿಯೊಬ್ಬರು ಸಂಗನಕಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಮತ್ತು ಮೋಟಾರು ಸಾಮಗ್ರಿಗಾಗಿ 18,400 ರೂಪಾಯಿಯನ್ನು ವರ್ತಕರ ಕ್ಯೂಆರ್ ಮೂಲಕ ಪಾವತಿಸಿದರು ಎಂದು ಭಾವಿಸೋಣ. ಕಡಿತದ ಸಂದೇಶ ಬಂದಿತು. ಅಂಗಡಿಗೆ ಖಾತರಿ ಬರಲಿಲ್ಲ. ಆ್ಯಪ್‌ನಲ್ಲಿ 'ಬಾಕಿ ಇದೆ' ಎಂದಿತ್ತು. ಅಂದರೆ ಹಣ ಎರಡನೆಯ ಸ್ಥಾನದಲ್ಲಿ, ವರ್ತಕರ ಬ್ಯಾಂಕಿನಲ್ಲಿ, ತಂಗಿದೆ.

ಟಿ ದಿನ ಏಪ್ರಿಲ್ 12. ಮರುದಿನ ಭಾನುವಾರ, ಸೋಮವಾರ ಏಪ್ರಿಲ್ 14 ಅಂಬೇಡ್ಕರ್ ಜಯಂತಿಯ ರಜೆ. ಶಾಖೆ ಎರಡು ದಿನ ಮುಚ್ಚಿದ್ದರೂ ಗಡುವು ನಿಲ್ಲುವುದಿಲ್ಲ. ಐದನೆಯ ದಿನ ಏಪ್ರಿಲ್ 17. ಹಣ ಏಪ್ರಿಲ್ 21ರಂದು ಗಿರಾಕಿಯ ಖಾತೆಗೆ ಮರಳಿತೆಂದರೆ 18, 19, 20, 21, ಹೀಗೆ ನಾಲ್ಕು ದಿನದ ವಿಳಂಬ. ಖಾತೆಗೆ 18,400 ರೂಪಾಯಿಯ ಜೊತೆಗೆ 400 ರೂಪಾಯಿ ಪರಿಹಾರ ಬರಬೇಕು. ಅಂಗಡಿಯಲ್ಲಿದ್ದದ್ದು ಉಳಿತಾಯ ಖಾತೆಯ ಫಲಕವಾಗಿದ್ದರೆ ಗಡುವು ಏಪ್ರಿಲ್ 13ಕ್ಕೇ ಮುಗಿಯುತ್ತಿತ್ತು. ವಿಳಂಬ ಎಂಟು ದಿನ, ಪರಿಹಾರ 800 ರೂಪಾಯಿ.

ಈಗ ಇದೇ ಉದಾಹರಣೆಯ ಇನ್ನೊಂದು ಮಗ್ಗುಲನ್ನು ನೋಡಬೇಕು. ಸಾಮಗ್ರಿ ತುರ್ತಾಗಿ ಬೇಕಿದ್ದುದರಿಂದ ಗಿರಾಕಿ ಅರ್ಧ ಗಂಟೆಯ ನಂತರ ಇನ್ನೊಮ್ಮೆ 18,400 ರೂಪಾಯಿ ಕಳುಹಿಸಿದರು, ಅದು ಸಫಲವಾಯಿತು, ಸರಕು ಹೋಯಿತು. ಏಪ್ರಿಲ್ 15ರಂದು ವರ್ತಕರ ಬ್ಯಾಂಕು ತಾಳೆ ಮುಗಿಸಿ ಮೊದಲ ಪಾವತಿಯನ್ನೂ ವರ್ತಕರ ಖಾತೆಗೆ ಜಮೆ ಮಾಡಿತು. ಗಡುವಿನೊಳಗೆ ವ್ಯವಹಾರ ಪೂರ್ಣಗೊಂಡಿದೆ. ಬ್ಯಾಂಕಿನ ದೃಷ್ಟಿಯಲ್ಲಿ ಯಾವ ವಿಫಲ ಪಾವತಿಯೂ ಉಳಿದಿಲ್ಲ. ಗಿರಾಕಿ ಎಷ್ಟು ದಿನ ಕಾದರೂ ಹಣ ತಾನಾಗಿ ಮರಳುವುದಿಲ್ಲ. ಅದನ್ನು ಹಿಂದಿರುಗಿಸಬೇಕಾದವರು ಈಗ ವರ್ತಕರೇ. 'ಬಾಕಿ ಇದೆ' ಎಂದು ತೋರುವ ಪಾವತಿಯ ಮೇಲೆ ಎರಡನೆಯ ಬಾರಿ ಪಾವತಿಸುವುದು ಏಕೆ ಸಲ್ಲದೆಂಬುದಕ್ಕೆ ಇದೇ ಕಾರಣ.

ಪುಸ್ತಕದಲ್ಲಿ ಬರೆಯುವ ಕ್ರಮ

ಮೇಲಿನ ಎರಡನೆಯ ಜಮೆಯನ್ನು ಮಾರಾಟವೆಂದು ಬರೆಯುವುದು ಸರಿಯಲ್ಲ. ಬಿಲ್ಲು ಒಂದೇ, ಸರಕು ಹೋದದ್ದು ಒಮ್ಮೆಯೇ. ಆದುದರಿಂದ ಆ 18,400 ರೂಪಾಯಿಯನ್ನು ಗಿರಾಕಿಯ ಹೆಸರಿನಲ್ಲಿ ಕೊಡಬೇಕಾದ ಬಾಕಿಯಾಗಿ ತೋರಿಸಿ, ಹಿಂದಿರುಗಿಸಿದ ದಿನ ಆ ಖಾತೆಯನ್ನು ಚುಕ್ತಾ ಮಾಡಬೇಕು. ಹಿಂದಿರುಗಿಸುವಾಗ ವರ್ತಕರ ಆ್ಯಪ್‌ನಲ್ಲಿ ಮೂಲ ಪಾವತಿಯ ಮೇಲೆಯೇ ಹಿಂಪಾವತಿಯ ಸೌಲಭ್ಯವಿದ್ದರೆ ಅದನ್ನೇ ಬಳಸುವುದು ಉತ್ತಮ. ಆಗ ಹಣ ಬಂದ ಖಾತೆಗೇ ಹೋಗುತ್ತದೆ. ಬೇರೊಂದು ಸಂಖ್ಯೆಗೆ ಕಳುಹಿಸಿರೆಂಬ ಕೋರಿಕೆಯಿಂದ ಹುಟ್ಟುವ ತಕರಾರಿಗೆ ಅವಕಾಶವಿರುವುದಿಲ್ಲ.

ವರ್ತಕರೇ ಸರಬರಾಜುದಾರರಿಗೆ ಹಣ ಕಳುಹಿಸಿ ಅದು ಸಿಲುಕಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಬ್ಯಾಂಕಿನ ಪಟ್ಟಿಯಲ್ಲಿ ಕಡಿತ ಕಂಡಿದೆಯೆಂದು ಸರಬರಾಜುದಾರರ ಖಾತೆಗೆ ಖರ್ಚು ಬರೆದುಬಿಟ್ಟರೆ, ಹಣ ಮರಳಿದಾಗ ಎರಡೂ ಕಡೆಯ ಬಾಕಿ ತಾಳೆಯಾಗುವುದಿಲ್ಲ. 'ಯುಪಿಐ ತಾತ್ಕಾಲಿಕ ಖಾತೆ' ಎಂದೊಂದು ಖಾತೆ ತೆರೆದು, ಸಿಲುಕಿದ ಮೊತ್ತವನ್ನು ಅಲ್ಲಿಟ್ಟು, ಅಂತಿಮ ಸ್ಥಿತಿ ತಿಳಿದ ಮೇಲೆ ವರ್ಗಾಯಿಸುವುದು ಸುಲಭ ವಿಧಾನ. ಮಾರ್ಚ್ 31ರಂದು ಸಿಲುಕಿದ ಹಣ ಏಪ್ರಿಲ್‌ನಲ್ಲಿ ಮರಳಿದರೆ, ವರ್ಷಾಂತ್ಯದ ಆಸ್ತಿ-ಹೊಣೆ ಪಟ್ಟಿಯಲ್ಲಿ ಅದನ್ನು ಬರಬೇಕಾದ ಮೊತ್ತವೆಂದು ತೋರಿಸಬೇಕು. ದಿನಕ್ಕೆ 100ರಂತೆ ಬಂದ ಪರಿಹಾರವನ್ನು ಇತರೆ ಆದಾಯಕ್ಕೆ ಜಮೆ ಬರೆಯಬೇಕು. ಮರಳಿದ ಅಸಲಿನೊಂದಿಗೆ ಅದನ್ನು ಬೆರೆಸಬಾರದು.

ದೂರಿನ ಮಾರ್ಗ

ಪಾವತಿಯ ವಿವರದಲ್ಲಿ ಕಾಣುವ 12 ಅಂಕಿಗಳ ಯುಪಿಐ ಉಲ್ಲೇಖ ಸಂಖ್ಯೆಯೇ ಎಲ್ಲ ವಿಚಾರಣೆಗೂ ಆಧಾರ. ಗಿರಾಕಿಯ ಬ್ಯಾಂಕು, ಎನ್‌ಪಿಸಿಐ ಮತ್ತು ವರ್ತಕನ ಬ್ಯಾಂಕು, ಮೂವರ ದಾಖಲೆಗಳನ್ನೂ ಜೋಡಿಸುವುದು ಅದೇ. ದಿನಾಂಕ, ಸಮಯ, ಮೊತ್ತದೊಂದಿಗೆ ಅದನ್ನು ಬಿಲ್ಲಿನ ಪ್ರತಿಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಮೊದಲ ದೂರನ್ನು ಹಣ ಕಳುಹಿಸಿದವರೇ ತಮ್ಮ ಆ್ಯಪ್‌ನಲ್ಲಿ, ಆ ಪಾವತಿಯ ವಿವರದಡಿ ದಾಖಲಿಸಬೇಕು. ಅಲ್ಲಿಂದ ಅದು ಎನ್‌ಪಿಸಿಐನ ವಿವಾದ ಪರಿಹಾರ ವ್ಯವಸ್ಥೆಗೆ ಹೋಗುತ್ತದೆ. ವರ್ತಕನ ಬ್ಯಾಂಕು ಆಗ ಎರಡರಲ್ಲೊಂದು ಉತ್ತರ ಕೊಡಬೇಕು: ಜಮೆಯಾಗಿದೆ ಎಂಬ ದೃಢೀಕರಣ, ಇಲ್ಲವೇ ಹಣದ ಹಿಂತಿರುಗಿಕೆ. ಒಂದು ಕಡೆ ಗಿರಾಕಿಯ ಬ್ಯಾಂಕು ಹಣ ವಾಪಸು ಕೇಳಿ ಹಕ್ಕು ಮಂಡಿಸುವುದು, ಇನ್ನೊಂದು ಕಡೆ ವರ್ತಕನ ಬ್ಯಾಂಕು ಅದೇ ಹೊತ್ತಿಗೆ ಹಣ ಹಿಂತಿರುಗಿಸುವುದು, ಹೀಗೆ ಎರಡೂ ಒಂದಕ್ಕೊಂದು ಅಡ್ಡ ಬಂದು ತಗಾದೆ ಬೆಳೆಯುತ್ತಿತ್ತು. 2025ರ ಫೆಬ್ರುವರಿ 15ರಿಂದ ಎನ್‌ಪಿಸಿಐ ಇದನ್ನು ಸರಳಗೊಳಿಸಿತು. ಹಕ್ಕು ಮಂಡಿಸಿದ ನಂತರದ ಚುಕ್ತಾ ಸುತ್ತಿನಲ್ಲಿ ವರ್ತಕನ ಬ್ಯಾಂಕು ನೀಡುವ ದೃಢೀಕರಣ ಅಥವಾ ಹಿಂತಿರುಗಿಕೆಯ ಆಧಾರದ ಮೇಲೆ ಆ ಹಕ್ಕು ತಾನಾಗಿಯೇ ತಿರಸ್ಕೃತ ಅಥವಾ ಅಂಗೀಕೃತವಾಗುತ್ತದೆ.

ಗಡುವು ಮೀರಿದರೆ ಖಾತೆ ಇರುವ ಶಾಖೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. 2019ರ ಸುತ್ತೋಲೆಯನ್ನು ಹೆಸರಿಸಿ ಪರಿಹಾರವನ್ನೂ ಕೇಳಬೇಕು. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ, 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳ ವಿಲೀನದಿಂದ ರೂಪುಗೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕಿನಂತಹ ಗ್ರಾಮೀಣ ಬ್ಯಾಂಕುಗಳಿಗೂ ದೊಡ್ಡ ವಾಣಿಜ್ಯ ಬ್ಯಾಂಕುಗಳಿಗೂ ಈ ಗಡುವುಗಳು ಒಂದೇ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಎರಡು ಸಂಗತಿಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ತಪ್ಪು ಸಂಖ್ಯೆಗೆ ಹಣ ಕಳುಹಿಸಿದರೆ ಅದು ಸಫಲ ಪಾವತಿಯೇ. ಪಡೆದವನ ಒಪ್ಪಿಗೆಯಿಲ್ಲದೆ ಅದು ತಾನಾಗಿ ಮರಳದು. 'ಸಿಲುಕಿದ ಹಣ ಮರಳಿಸುತ್ತೇವೆ' ಎಂದು ಅಪರಿಚಿತರು ಕರೆ ಮಾಡಿ ಪಿನ್ ಒತ್ತಿಸಿದರೆ ಅದು ವಂಚನೆ. ಹಣ ಪಡೆಯಲು ಎಂದಿಗೂ ಪಿನ್ ಬೇಕಾಗುವುದಿಲ್ಲ. ಇಂತಹ ವಂಚನೆಯಾದಾಗ 1930 ಸಂಖ್ಯೆಗೆ ತಕ್ಷಣ ಕರೆ ಮಾಡಬೇಕು.

ಅಂಗಡಿಯಲ್ಲಿ ಪಾಲಿಸಬೇಕಾದ ಪದ್ಧತಿ

ಗಿರಾಕಿ ತೋರಿಸುವ ಕಡಿತದ ಸಂದೇಶವು ಹಣ ಅವರ ಖಾತೆಯಿಂದ ಹೊರಟಿದೆ ಎಂಬುದಕ್ಕಷ್ಟೇ ಸಾಕ್ಷಿ. ಅಂಗಡಿಗೆ ತಲುಪಿದೆ ಎಂಬುದಕ್ಕಲ್ಲ. ಅದನ್ನು ನಂಬಿ ಸರಕು ಬಿಟ್ಟುಕೊಟ್ಟರೆ, ಐದು ದಿನದೊಳಗೆ ಹಣ ಗಿರಾಕಿಗೇ ಮರಳಿದಾಗ ವರ್ತಕನ ಕೈಯಲ್ಲಿ ಸರಕೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ಮೊದಲು ಅಂಗಡಿಯ ಬ್ಯಾಂಕ್ ಖಾತೆಯನ್ನು ನೋಡಬೇಕು. ಅಲ್ಲಿ ಜಮೆಯಿದ್ದರೆ ಮಾತು ಮುಗಿಯಿತು. ಗಿರಾಕಿಯ ಆ್ಯಪ್‌ನಲ್ಲಿ 'ವಿಫಲ' ಎಂದಿದ್ದರೆ ಅವರು ಮತ್ತೊಮ್ಮೆ ಪಾವತಿಸಬಹುದು. ಮೊದಲ ಹಣ ಅವರ ಬ್ಯಾಂಕಿನಿಂದಲೇ ಮರಳುತ್ತದೆ. 'ಬಾಕಿ ಇದೆ' ಎಂದಿದ್ದರೆ ಕಾಯುವುದೇ ಸರಿ. ಪರಿಚಿತ ಗಿರಾಕಿಗೆ ಸರಕು ಕೊಡಲೇಬೇಕಾದರೆ ಅದನ್ನು ಉದ್ರಿ ಎಂದು ಬರೆದು, ಉಲ್ಲೇಖ ಸಂಖ್ಯೆಯನ್ನು ಬಿಲ್ಲಿನಲ್ಲಿ ನಮೂದಿಸಿ, ಸಹಿ ಪಡೆಯಬೇಕು. ಆರನೆಯ ದಿನ ಬ್ಯಾಂಕಿನ ಪಟ್ಟಿ ತೆರೆದು ನೋಡಿ, ಹಣ ಬಂದಿದ್ದರೆ ಉದ್ರಿಯನ್ನು ಹೊಡೆದುಹಾಕಬೇಕು; ಬಾರದಿದ್ದರೆ ಗಿರಾಕಿಗೆ ಮರಳಿದೆಯೇ ಎಂದು ವಿಚಾರಿಸಿ ಬಾಕಿಯನ್ನು ವಸೂಲು ಮಾಡಬೇಕು.